ಜಿಎಸ್‌ಟಿ ಚಲನ್ ಕಟ್ಟಿದ ಹಣ ಪೋರ್ಟಲ್‌ನಲ್ಲಿ ಕಾಣುತ್ತಿಲ್ಲವೇ? ಹುಡುಕುವ ಕ್ರಮ, ಬ್ಯಾಂಕಿಗೆ ಪತ್ರ, ಅಧಿಕಾರಿಗೆ ಪತ್ರ

ಪ್ರತಿ ತಿಂಗಳು 19, 20ನೇ ತಾರೀಕು ಬಂತೆಂದರೆ ನನ್ನ ಫೋನಿಗೆ ಒಂದೇ ಮಾತು: "ಸರ್, ಖಾತೆದಾಗಿಂದ ರೊಕ್ಕ ಹೋಗೇತಿ, ಪೋರ್ಟಲ್‌ನ್ಯಾಗ ಬಂದಿಲ್ಲ." ಹುಬ್ಬಳ್ಳಿಯಲ್ಲಿ ಕುಳಿತು ಗದಗ, ಹಾವೇರಿ ಕಡೆಯ ಸಣ್ಣ ವ್ಯಾಪಾರಸ್ಥರ ಲೆಕ್ಕ ನೋಡುವವನು ನಾನು. ಹಣ ನಿಜವಾಗಿಯೂ ಕಳೆದುಹೋದ ಪ್ರಕರಣ ಒಂದೂ ನನಗೆ ಸಿಕ್ಕಿಲ್ಲ. ಆದರೆ ಗಾಬರಿಯಲ್ಲಿ ಎರಡು ಸಲ ಕಟ್ಟಿದವರು, ತಪ್ಪು ಕಡೆ ದೂರು ಕೊಟ್ಟು ವಾರಗಟ್ಟಲೆ ಕಾದವರು ಬೇಕಾದಷ್ಟು ಜನ ಇದ್ದಾರೆ.

ಇಲ್ಲಿ ಒಂದೇ ಸಮಸ್ಯೆ ತೆಗೆದುಕೊಂಡಿದ್ದೇನೆ. ಜಿಎಸ್‌ಟಿ ಚಲನ್ ಮಾಡಿದ್ದೀರಿ, ಬ್ಯಾಂಕ್ ಖಾತೆಯಿಂದ ಹಣ ಹೋಗಿದೆ, ಆದರೆ ಎಲೆಕ್ಟ್ರಾನಿಕ್ ಕ್ಯಾಶ್ ಲೆಡ್ಜರ್‌ನಲ್ಲಿ ಜಮಾ ಇಲ್ಲ. ಜೊತೆಗೆ ಗದಗದ ಒಬ್ಬ ಪ್ರಿಂಟಿಂಗ್ ಪ್ರೆಸ್ ಮಾಲೀಕರ ಲೆಕ್ಕವನ್ನು ಕೊನೆಯವರೆಗೂ ನೋಡೋಣ. ಅವರು ಕಟ್ಟಬೇಕಾಗಿದ್ದು 48,600 ರೂಪಾಯಿ: ಸಿಜಿಎಸ್‌ಟಿ 24,300, ಎಸ್‌ಜಿಎಸ್‌ಟಿ 24,300. 19ನೇ ತಾರೀಕು ಮಧ್ಯಾಹ್ನ ತಮ್ಮ ಬ್ಯಾಂಕ್ ಶಾಖೆಗೆ ಹೋಗಿ ನೆಫ್ಟ್ ಮಾಡಿಸಿದರು. 20ರ ಬೆಳಗ್ಗೆ ಲೆಡ್ಜರ್ ನೋಡಿದರೆ ಸೊನ್ನೆ. ಅವತ್ತೇ ರಿಟರ್ನ್ ಹಾಕುವ ಕೊನೆಯ ದಿನ.

## ಶುರು ಮಾಡುವ ಮೊದಲು ಕೈಯಲ್ಲಿರಬೇಕಾದದ್ದು

ನಾಲ್ಕು ಕಾಗದ ಬೇಕು. ಒಂದು, ಚಲನ್‌ನ ಪಿಡಿಎಫ್, ಅಂದರೆ ಪಿಎಂಟಿ-06. ಎರಡು, ನೆಫ್ಟ್ ಅಥವಾ ಆರ್‌ಟಿಜಿಎಸ್ ಮಾಡಿದ್ದರೆ ಚಲನ್ ಜೊತೆ ಬರುವ ಮ್ಯಾಂಡೇಟ್ ಫಾರ್ಮ್, ಮತ್ತು ಬ್ಯಾಂಕಿನವರು ಸೀಲ್ ಹಾಕಿ ಕೊಟ್ಟ ಕೌಂಟರ್‌ಫಾಯಿಲ್. ಮೂರು, ಹಣ ಕಡಿತ ಆದದ್ದು ಕಾಣುವ ಬ್ಯಾಂಕ್ ಸ್ಟೇಟ್‌ಮೆಂಟ್‌ನ ಪುಟ. ಫೋನಿಗೆ ಬಂದ ಮೆಸೇಜ್ ಸಾಕಾಗುವುದಿಲ್ಲ, ಅದರಲ್ಲಿ ಪೂರ್ತಿ ನಂಬರ್ ಇರುವುದಿಲ್ಲ. ನಾಲ್ಕು, ಕ್ಯಾಶ್ ಲೆಡ್ಜರ್‌ನ ಸ್ಕ್ರೀನ್‌ಶಾಟ್. ಅದರಲ್ಲಿ ತಾರೀಕು, ಸಮಯ ಕಾಣುವಂತಿರಲಿ.

ಮೂರು ನಂಬರುಗಳ ಅರ್ಥ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಚಲನ್ ತಯಾರಾದ ಕೂಡಲೇ ಪೋರ್ಟಲ್ ಕೊಡುವ 14 ಅಂಕಿಯ ನಂಬರ್ CPIN. ನಾವೆಲ್ಲ ಸಿಪಿನ್ ಎನ್ನುತ್ತೇವೆ. ಇದು ಬರೀ ಚಲನ್‌ನ ಗುರುತು, ಹಣ ಕಟ್ಟಿದ್ದಕ್ಕೆ ಪುರಾವೆ ಅಲ್ಲ. ಹಣ ಸರ್ಕಾರದ ಖಾತೆಗೆ ಸೇರಿದ ಮೇಲೆ ಹುಟ್ಟುವುದು CIN, ಸಿನ್. ಸಿಪಿನ್‌ನ 14 ಅಂಕಿಗಳ ಮುಂದೆ ಬ್ಯಾಂಕಿನ 3 ಅಕ್ಷರದ ಕೋಡ್ ಸೇರಿದರೆ ಅದು ಸಿನ್. ಇದು ಪೋರ್ಟಲ್‌ಗೆ ಮುಟ್ಟಿದಾಗಲೇ ಲೆಡ್ಜರ್‌ನಲ್ಲಿ ಜಮಾ ಕಾಣುತ್ತದೆ. ಮೂರನೆಯದು ಯುಟಿಆರ್, ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಹಣ ಹೋದದ್ದರ ಗುರುತು. ನೆಫ್ಟ್ ಆದರೆ 16 ಅಕ್ಷರ, ಆರ್‌ಟಿಜಿಎಸ್ ಆದರೆ 22. ಬ್ಯಾಂಕಿನವರು ಚೀಟಿಯಲ್ಲಿ ಬರೆದುಕೊಟ್ಟ ಯುಟಿಆರ್‌ನಲ್ಲಿ ಅಕ್ಷರ ಕಡಿಮೆ ಇದ್ದರೆ ಅವರು ಬೇರೆ ಯಾವುದೋ ಒಳಗಿನ ನಂಬರ್ ಕೊಟ್ಟಿದ್ದಾರೆ ಅಂತ ತಿಳಿಯಿರಿ.

## ಹಂತ 1: ಇನ್ನೊಂದು ಸಲ ಕಟ್ಟಬೇಡಿ, ಮೊದಲು ಸರಿಯಾದ ಜಾಗದಲ್ಲಿ ನೋಡಿ

ಪೋರ್ಟಲ್‌ಗೆ ಲಾಗಿನ್ ಆಗಿ ಎರಡು ಕಡೆ ನೋಡಬೇಕು.

```
Services > Ledgers > Electronic Cash Ledger
Services > Payments > Challan History
```

ಲೆಡ್ಜರ್ ನೋಡುವಾಗ ಪೂರ್ತಿ ತೆರೆದು ನೋಡಿ. ಅಲ್ಲಿ ತೆರಿಗೆ, ಬಡ್ಡಿ, ದಂಡ, ಶುಲ್ಕ ಅಂತ ಬೇರೆ ಬೇರೆ ಕಾಲಂ ಇರುತ್ತವೆ. ಚಲನ್ ತುಂಬುವಾಗ ಒಂದು ಮನೆ ಆಚೀಚೆ ಆಗಿ ತೆರಿಗೆಯ ಹಣ ಬಡ್ಡಿ ಕಾಲಂನಲ್ಲಿ ಕುಳಿತಿದ್ದರೆ, ರಿಟರ್ನ್‌ನಲ್ಲಿ "ಬಾಕಿ ಇದೆ" ಅಂತಲೇ ಬರುತ್ತದೆ. ಅದಕ್ಕೆ ಬ್ಯಾಂಕೂ ಬೇಡ, ಪತ್ರವೂ ಬೇಡ. ಪಿಎಂಟಿ-09 ಫಾರ್ಮ್‌ನಲ್ಲಿ ನೀವೇ ಒಂದು ಕಾಲಂನಿಂದ ಇನ್ನೊಂದಕ್ಕೆ ಹಾಕಿಕೊಳ್ಳಬಹುದು. ಒಂದೇ ಮನೆಯಲ್ಲಿ ಅಪ್ಪನದೊಂದು, ಮಗನದೊಂದು ಅಂಗಡಿ ಇದ್ದರೆ ಚಲನ್ ಮೇಲಿನ ಜಿಎಸ್‌ಟಿ ನಂಬರ್ ಯಾರದು ಅಂತಲೂ ನೋಡಿ. ನಗಬೇಡಿ, ಇದು ವರ್ಷಕ್ಕೆ ಎರಡು ಸಲವಾದರೂ ನನ್ನ ಟೇಬಲ್ ಮೇಲೆ ಬರುತ್ತದೆ.

ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವರಿಗೆ ಇನ್ನೊಂದು ಗೊಂದಲ. ಮೊದಲ ಎರಡು ತಿಂಗಳು ಕಟ್ಟಿದ ಹಣ ಲೆಡ್ಜರ್‌ನಲ್ಲಿ ಜಮಾ ಆಗಿ ಸುಮ್ನೆ ಕುಳಿತಿರುತ್ತದೆ. ಮೂರನೇ ತಿಂಗಳ ರಿಟರ್ನ್ ಹಾಕಿದಾಗಲೇ ಅದು ತೆರಿಗೆಗೆ ಹೋಗುತ್ತದೆ. ಅದು ಸರಿಯಾಗಿಯೇ ಇದೆ.

ಈಗ Challan History. ಅಲ್ಲಿ ನಿಮ್ಮ ಸಿಪಿನ್ ಮುಂದೆ ಸ್ಥಿತಿ ಏನಿದೆ ಅಂತ ನೋಡಿ. PAID ಎಂದಿದ್ದರೆ ಸಿನ್ ಹುಟ್ಟಿದೆ. ಲೆಡ್ಜರ್ ಇನ್ನೊಮ್ಮೆ ತೆರೆಯಿರಿ, ಸಿಗುತ್ತದೆ. AWAITING BANK CONFIRMATION ಎಂದಿದ್ದರೆ ಬ್ಯಾಂಕಿನ ಕಡೆ ಒಪ್ಪಿಗೆ ಬಾಕಿ ಇದೆ. ಕರೆಂಟ್ ಅಕೌಂಟ್‌ನಲ್ಲಿ ಒಬ್ಬರು ತುಂಬಿ ಇನ್ನೊಬ್ಬರು ಒಪ್ಪುವ ಪದ್ಧತಿ ಇದ್ದರೆ ಪಾಲುದಾರರೇ ಒಪ್ಪಿಗೆ ಕೊಟ್ಟಿರುವುದಿಲ್ಲ. ಕೌಂಟರ್‌ನಲ್ಲಿ ಚೆಕ್ ಕೊಟ್ಟಿದ್ದರೆ AWAITING BANK CLEARANCE ಬರುತ್ತದೆ; ಚೆಕ್ ಪಾಸಾಗುವವರೆಗೆ ಕಾಯಬೇಕು. ಅಂದ ಹಾಗೆ ಕೌಂಟರ್‌ನಲ್ಲಿ ಕಟ್ಟಲು ಬರುವುದು ಒಂದು ತೆರಿಗೆ ಅವಧಿಗೆ ಒಂದು ಚಲನ್‌ಗೆ 10,000 ರೂಪಾಯಿವರೆಗೆ ಮಾತ್ರ.

ಇವು ಯಾವುದೂ ಅಲ್ಲ, ಖಾತೆಯಿಂದ ಹಣ ಹೋಗಿದೆ, ಪೋರ್ಟಲ್‌ಗೆ ಗೊತ್ತೇ ಇಲ್ಲ ಎಂದರೆ ಮುಂದಿನ ಹಂತ.

## ಹಂತ 2: ಯಾವ ದಾರಿಯಲ್ಲಿ ಕಟ್ಟಿದಿರಿ ಅನ್ನುವುದನ್ನು ಗಟ್ಟಿ ಮಾಡಿಕೊಳ್ಳಿ

ಬಹಳ ಜನ ಎಡವುವುದು ಇಲ್ಲೇ. ನೆಟ್ ಬ್ಯಾಂಕಿಂಗ್‌ನಲ್ಲಿ ಕಟ್ಟಿದರೆ ಹಣ ತೆಗೆದುಕೊಳ್ಳುವುದೂ ನಿಮ್ಮ ಬ್ಯಾಂಕೇ, ಸಿನ್ ಹುಟ್ಟಿಸಿ ಪೋರ್ಟಲ್‌ಗೆ ಹೇಳಬೇಕಾದದ್ದೂ ಅದೇ ಬ್ಯಾಂಕ್. ನೆಫ್ಟ್, ಆರ್‌ಟಿಜಿಎಸ್ ಆದರೆ ನಿಮ್ಮ ಬ್ಯಾಂಕ್ ಬರೀ ಹಣ ಕಳಿಸುವವರು. ಹಣ ಹೋಗುವುದು ರಿಸರ್ವ್ ಬ್ಯಾಂಕಿಗೆ, ಸಿನ್ ಬರುವುದೂ ಅಲ್ಲಿಂದಲೇ. ನೆಫ್ಟ್ ಮಾಡಿದ ಶಾಖೆಗೆ ಹೋಗಿ "ನಮ್ಮ ಸಿನ್ ಕೊಡ್ರಿ" ಎಂದರೆ ಅವರು ಮುಖ ಮುಖ ನೋಡುತ್ತಾರೆ. ಅವರ ತಪ್ಪಲ್ಲ, ಅವರ ಹತ್ತಿರ ಅದು ಇರುವುದೇ ಇಲ್ಲ.

ನೆಟ್ ಬ್ಯಾಂಕಿಂಗ್‌ನಲ್ಲಿ ಸಾಮಾನ್ಯ ಕಾರಣ ಒಂದೇ. ಹಣ ಕಡಿತ ಆಯ್ತು, ಪುಟ ಪೋರ್ಟಲ್‌ಗೆ ವಾಪಸ್ ಬರುವ ಮೊದಲೇ ಬಿಳಿಯಾಗಿ ನಿಂತಿತು, ನೀವು ಮುಚ್ಚಿಬಿಟ್ಟಿರಿ. ಕಳೆದ ವರ್ಷ ದುರ್ಗದಬೈಲಿನ ಒಂದು ಅಂಗಡಿಯಲ್ಲಿ ಕರೆಂಟ್ ಹೋಗಿ ಹೀಗೇ ಆಯಿತು. ಇಂಥದ್ದು ಹೆಚ್ಚಾಗಿ ಮರುದಿನದೊಳಗೆ ಬ್ಯಾಂಕುಗಳು ಲೆಕ್ಕ ತಾಳೆ ನೋಡಿದಾಗ ತಾನಾಗಿಯೇ ಸರಿಹೋಗುತ್ತದೆ, ಅವರದ್ದೂ ಹೋಯಿತು. ಹಾಗಾಗಿ ನೆಟ್ ಬ್ಯಾಂಕಿಂಗ್ ಆದರೆ 24 ಗಂಟೆ ಕಾಯಿರಿ.

ನೆಫ್ಟ್‌ನಲ್ಲಿ ಹಾಗೆ ಕಾಯುವುದರಲ್ಲಿ ಲಾಭ ಇಲ್ಲ. ನೆಫ್ಟ್ ಅರ್ಧ ಗಂಟೆಗೊಂದು ಕಂತಿನಲ್ಲಿ ಹಗಲು ರಾತ್ರಿ ನಡೆಯುತ್ತದೆ. ಆ ಕಂತು ಮುಗಿದ ಎರಡು ಗಂಟೆಯೊಳಗೆ ಹಣ ಸೇರಬೇಕು, ಇಲ್ಲವೇ ವಾಪಸ್ ಬರಬೇಕು. ಅರ್ಧ ದಿನ ಕಳೆದರೂ ಲೆಡ್ಜರ್‌ಗೆ ಬಂದಿಲ್ಲ, ಖಾತೆಗೂ ವಾಪಸ್ ಬಂದಿಲ್ಲ ಎಂದರೆ ಎಲ್ಲೋ ಸಿಕ್ಕಿಕೊಂಡಿದೆ ಅಂತಲೇ ಅರ್ಥ.

## ಹಂತ 3: ನೆಫ್ಟ್ ಆದರೆ ಮ್ಯಾಂಡೇಟ್ ಫಾರ್ಮ್ ಜೊತೆ ಅಕ್ಷರ ಅಕ್ಷರ ಹೋಲಿಸಿ

ಮ್ಯಾಂಡೇಟ್ ಫಾರ್ಮ್‌ನಲ್ಲಿ ಹಣ ಯಾರಿಗೆ ಹೋಗಬೇಕು ಅನ್ನುವುದು ಹೀಗಿರುತ್ತದೆ:

```
Beneficiary Name : GST
Account Number   : ನಿಮ್ಮ 14 ಅಂಕಿಯ CPIN
IFSC             : RBIS0GSTPMT
```

ಅಕೌಂಟ್ ನಂಬರ್ ಜಾಗದಲ್ಲಿ ಹೋಗುವುದು ಸಿಪಿನ್. ಐಎಫ್‌ಎಸ್‌ಸಿಯ ಐದನೇ ಅಕ್ಷರ ಸೊನ್ನೆ, ಇಂಗ್ಲಿಷಿನ ಓ ಅಲ್ಲ. ಮೊತ್ತ ಚಲನ್‌ನಲ್ಲಿದ್ದಷ್ಟೇ ಇರಬೇಕು, ಒಂದು ರೂಪಾಯಿ ಹೆಚ್ಚೂ ಬೇಡ ಕಡಿಮೆಯೂ ಬೇಡ. ಬ್ಯಾಂಕಿನ ಕಮಿಷನ್ ಬೇರೆಯೇ ಹೋಗಬೇಕು.

ಮೊಬೈಲ್‌ನಿಂದ ನೆಫ್ಟ್ ಮಾಡುವವರು ಒಂದು ತಪ್ಪು ಮತ್ತೆ ಮತ್ತೆ ಮಾಡುತ್ತಾರೆ. ಹೋದ ತಿಂಗಳು GST ಅಂತ ಸೇವ್ ಮಾಡಿದ ಬೆನಿಫಿಷಿಯರಿಗೇ ಈ ತಿಂಗಳೂ ಕಳಿಸುತ್ತಾರೆ. ಆ ಅಕೌಂಟ್ ನಂಬರ್ ಹೋದ ತಿಂಗಳ ಸಿಪಿನ್ ಅಲ್ವಾ? ಪ್ರತಿ ಚಲನ್‌ಗೂ ಸಿಪಿನ್ ಹೊಸದು, ಹಾಗಾಗಿ ಪ್ರತಿ ಸಲವೂ ಬೆನಿಫಿಷಿಯರಿ ಹೊಸದಾಗಿ ಸೇರಿಸಬೇಕು. ಇನ್ನೊಂದು, ಚಲನ್ 15 ದಿನ ಮಾತ್ರ ನಡೆಯುತ್ತದೆ. ಆಮೇಲೆ ಹೋದ ಹಣ ವಾಪಸ್ ಬರುತ್ತದೆ.

ಎಲ್ಲವೂ ಸರಿಯಿದ್ದರೆ ಪೋರ್ಟಲ್‌ನಲ್ಲಿ ಆ ಚಲನ್ ತೆರೆದು ಯುಟಿಆರ್ ತುಂಬಿ ಜೋಡಿಸಿ. ಹಣ ರಿಸರ್ವ್ ಬ್ಯಾಂಕ್ ಮುಟ್ಟಿ, ಚಲನ್ ಜೊತೆ ಮಾತ್ರ ಜೋಡಣೆ ಆಗದೆ ಉಳಿದಿದ್ದರೆ ಇಷ್ಟರಲ್ಲೇ ಕೆಲಸ ಮುಗಿಯುತ್ತದೆ.

ಗದಗದ ಪ್ರೆಸ್ಸಿನವರ ವಿಷಯದಲ್ಲಿ ಯುಟಿಆರ್ ತುಂಬಿದರೂ ಏನೂ ಆಗಲಿಲ್ಲ. ಕೌಂಟರ್‌ಫಾಯಿಲ್ ಫೋಟೋ ಕಳಿಸಿ ಎಂದೆ. ಅದರಲ್ಲಿ ಬ್ಯಾಂಕಿನವರು ಮ್ಯಾಂಡೇಟ್ ಫಾರ್ಮ್ ಬದಿಗಿಟ್ಟು ತಮ್ಮದೇ ನೆಫ್ಟ್ ಚೀಟಿ ಬರೆಸಿಕೊಂಡಿದ್ದರು. ಪ್ರೆಸ್ಸಿನ ಹುಡುಗ ಕೈಯಿಂದ ಸಿಪಿನ್ ಬರೆಯುವಾಗ ಒಂಬತ್ತು ಮತ್ತು ಹತ್ತನೇ ಅಂಕಿ ಅದಲುಬದಲು ಆಗಿದ್ದವು. 47 ಇರಬೇಕಾದಲ್ಲಿ 74. ದಿನಾ ಪ್ರೂಫ್ ತಿದ್ದುವ ಪ್ರೆಸ್ಸಿನಲ್ಲೇ ಹೀಗೆ! ಅಂಥ ಸಿಪಿನ್ ಇಲ್ಲವಾದ್ದರಿಂದ ಹಣ ವಾಪಸ್ ಬಂದಿರಲೇಬೇಕು. ಆದರೆ ಅವರ ಖಾತೆಗೆ ಬಂದಿಲ್ಲ. ಹಾಗಾದರೆ ಶಾಖೆಯ ಸಸ್ಪೆನ್ಸ್ ಖಾತೆಯಲ್ಲಿ ಕುಳಿತಿದೆ ಅಂತ ನನ್ನ ಅಂದಾಜು.

ಇದೊಂದು ಗುರುತು ನೆನಪಿಡಿ. ಶಾಖೆಯಲ್ಲಿ ಚೀಟಿ ಬರೆದು ಮಾಡಿಸಿದ ನೆಫ್ಟ್ ವಾಪಸ್ ಬಂದಾಗ ಕೆಲವೊಮ್ಮೆ ಯಾರಾದರೂ ಕೂತು ಗ್ರಾಹಕರ ಖಾತೆಗೆ ಹಾಕುವವರೆಗೆ ಅಲ್ಲೇ ಉಳಿದುಬಿಡುತ್ತದೆ. ಕೌಂಟರ್‌ನಲ್ಲಿ "ಇಲ್ಲಿಂದ ಹೋಗೇತ್ರಿ, ಜಿಎಸ್‌ಟಿ ಆಫೀಸಿನ್ಯಾಗ ಕೇಳ್ರಿ" ಎಂದರೆ ಮಾತಿಗೆ ನಿಲ್ಲಬೇಡಿ. ಪತ್ರ ಕೊಡಿ.

## ಹಂತ 4: ಬ್ಯಾಂಕಿಗೆ ಪತ್ರ

ಪತ್ರದಲ್ಲಿ ಕಥೆ ಬೇಡ. ಬ್ಯಾಂಕಿನವರು ಕಂಪ್ಯೂಟರ್‌ನಲ್ಲಿ ಹುಡುಕಲು ಬೇಕಾದ ನಂಬರ್‌ಗಳು, ಮತ್ತು ಹೌದು ಅಥವಾ ಇಲ್ಲ ಅಂತ ಉತ್ತರ ಕೊಡಲೇಬೇಕಾದ ಪ್ರಶ್ನೆಗಳು ಇರಲಿ. ಪ್ರೆಸ್ಸಿನವರಿಗೆ ಬರೆದುಕೊಟ್ಟದ್ದು ಇದು. ಖಾಲಿ ಬಿಟ್ಟ ಜಾಗ ನೀವು ತುಂಬಿಕೊಳ್ಳಿ.

> ಇವರಿಗೆ,
> ಶಾಖಾ ವ್ಯವಸ್ಥಾಪಕರು,
> ______ ಬ್ಯಾಂಕ್, ______ ಶಾಖೆ, ಗದಗ
>
> ದಿನಾಂಕ: ______
>
> ವಿಷಯ: ಜಿಎಸ್‌ಟಿ ಚಲನ್‌ಗಾಗಿ ನೆಫ್ಟ್ ಮಾಡಿದ ರೂ. 48,600 ಜಮಾ ಆಗದಿರುವ ಬಗ್ಗೆ
>
> ಮಾನ್ಯರೇ,
>
> ನಮ್ಮ ಚಾಲ್ತಿ ಖಾತೆ ಸಂಖ್ಯೆ ______ ರಿಂದ ದಿನಾಂಕ ______ ರಂದು ರೂ. 48,600 (ನಲವತ್ತೆಂಟು ಸಾವಿರದ ಆರುನೂರು ರೂಪಾಯಿ ಮಾತ್ರ) ನೆಫ್ಟ್ ಮೂಲಕ ಕಳಿಸಲಾಗಿದೆ. ಯುಟಿಆರ್ ಸಂಖ್ಯೆ ______. ಚಲನ್‌ನ ಸಿಪಿನ್ ಸಂಖ್ಯೆ ______. ಈ ಹಣ ಇಲ್ಲಿಯವರೆಗೆ ಜಿಎಸ್‌ಟಿ ಪೋರ್ಟಲ್‌ನಲ್ಲಿಯೂ ಜಮಾ ಆಗಿಲ್ಲ, ನಮ್ಮ ಖಾತೆಗೂ ವಾಪಸ್ ಬಂದಿಲ್ಲ.
>
> ದಯವಿಟ್ಟು ಕೆಳಗಿನವನ್ನು ಲಿಖಿತವಾಗಿ ತಿಳಿಸಿ:
>
> 1. ಈ ಯುಟಿಆರ್‌ನಲ್ಲಿ ನಿಮ್ಮ ಶಾಖೆ ನಮೂದಿಸಿದ ಫಲಾನುಭವಿ ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಏನು?
> 2. ಹಣ ರಿಸರ್ವ್ ಬ್ಯಾಂಕಿಗೆ ಜಮಾ ಆಗಿದೆಯೇ? ಆಗಿದ್ದರೆ ದಿನಾಂಕ ಮತ್ತು ಸಮಯ.
> 3. ವಾಪಸ್ ಬಂದಿದ್ದರೆ ಬಂದ ದಿನಾಂಕ, ಸಮಯ ಮತ್ತು ಕಾರಣ. ಈಗ ಆ ಹಣ ಯಾವ ಖಾತೆಯಲ್ಲಿದೆ?
>
> ವಾಪಸ್ ಬಂದಿದ್ದರೆ ಕೂಡಲೇ ನಮ್ಮ ಖಾತೆಗೆ ಜಮಾ ಮಾಡಿ, ತಡವಾದ ಅವಧಿಗೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಬಡ್ಡಿಯನ್ನೂ ಕೊಡಬೇಕೆಂದು ಕೋರುತ್ತೇವೆ.
>
> ಲಗತ್ತು: ಚಲನ್ ಮತ್ತು ಮ್ಯಾಂಡೇಟ್ ಫಾರ್ಮ್ ಪ್ರತಿ, ಕೌಂಟರ್‌ಫಾಯಿಲ್ ಪ್ರತಿ, ಖಾತೆಯ ಸ್ಟೇಟ್‌ಮೆಂಟ್.
>
> ತಮ್ಮ ವಿಶ್ವಾಸಿ,
> ______ (ಸಹಿ ಮತ್ತು ಸಂಸ್ಥೆಯ ಸೀಲ್)

ನೆಟ್ ಬ್ಯಾಂಕಿಂಗ್ ಆಗಿದ್ದರೆ ಆ ಮೂರು ಪ್ರಶ್ನೆಗಳ ಜಾಗದಲ್ಲಿ ಇವನ್ನು ಹಾಕಿ:

> 1. ಈ ಸಿಪಿನ್‌ಗೆ ಹಣ ಸರ್ಕಾರದ ಖಾತೆಗೆ ಜಮಾ ಆಗಿದೆಯೇ? ಆಗಿದ್ದರೆ ದಿನಾಂಕ ಮತ್ತು ಬ್ಯಾಂಕ್ ರೆಫರೆನ್ಸ್ ಸಂಖ್ಯೆ.
> 2. ಸಿನ್ ಹುಟ್ಟಿದೆಯೇ? ಹುಟ್ಟಿದ್ದರೆ ಅದನ್ನು ಜಿಎಸ್‌ಟಿ ಪೋರ್ಟಲ್‌ಗೆ ಕಳಿಸಿದ ದಿನಾಂಕ ಯಾವುದು? ಕಳಿಸಿರದಿದ್ದರೆ ಕೂಡಲೇ ಕಳಿಸಿ.
> 3. ಹಣ ಸರ್ಕಾರದ ಖಾತೆಗೆ ಹೋಗಿರದಿದ್ದರೆ ನಮ್ಮ ಖಾತೆಗೆ ಯಾವಾಗ ಮರಳಿಸುತ್ತೀರಿ?

ದಿನಾಂಕದ ಮೇಲೆ ಇಷ್ಟು ಒತ್ತು ಏಕೆ ಎಂದರೆ, ಕಾಯ್ದೆಯ ಕಲಂ 49ರ ವಿವರಣೆಯ ಪ್ರಕಾರ ಸರ್ಕಾರದ ಖಾತೆಗೆ ಹಣ ಜಮಾ ಆದ ದಿನವೇ ಲೆಡ್ಜರ್‌ಗೆ ಕಟ್ಟಿದ ದಿನ. ಪೋರ್ಟಲ್‌ನಲ್ಲಿ ಒಂದು ವಾರ ಬಿಟ್ಟು ಕಂಡರೂ ಹಣ 19ಕ್ಕೇ ಸರ್ಕಾರಕ್ಕೆ ಸೇರಿತ್ತು ಅಂತ ಬ್ಯಾಂಕ್ ಬರೆದುಕೊಟ್ಟರೆ ನಿಮ್ಮ ತಾರೀಕು 19. ಬಡ್ಡಿಯ ಪ್ರಶ್ನೆ ಬಂದಾಗ ಈ ಒಂದು ಸಾಲಿನ ಬೆಲೆ ಗೊತ್ತಾಗುತ್ತದೆ.

ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸೀಲ್, ಸಹಿ, ತಾರೀಕು ಹಾಕಿಸಿಕೊಳ್ಳಿ. ಅದು ಇಲ್ಲದಿದ್ದರೆ ಪತ್ರ ಕೊಟ್ಟಿಲ್ಲ ಎಂದೇ ಲೆಕ್ಕ. ಮ್ಯಾನೇಜರ್ ಹೊರ ರಾಜ್ಯದವರಾಗಿದ್ದರೆ ಅದೇ ಪತ್ರದ ಇಂಗ್ಲಿಷ್ ಪ್ರತಿಯನ್ನೂ ಜೊತೆಗಿಡಿ. ಕೆಲಸ ಬೇಗ ಆಗಬೇಕು, ಅಷ್ಟೇ. ಅದೇ ದಿನ ಶಾಖೆಯ ಇಮೇಲ್‌ಗೂ ಕಳಿಸಿ.

ಪ್ರೆಸ್ಸಿನವರು 20ರ ಮಧ್ಯಾಹ್ನ ಪತ್ರ ಕೊಟ್ಟರು. ಉತ್ತರ ಬಂದದ್ದು 22ರ ಬೆಳಗ್ಗೆ: ಹಣ 19ರ ಸಂಜೆಯೇ ವಾಪಸ್ ಬಂದಿತ್ತು, ಶಾಖೆಯ ಖಾತೆಯಲ್ಲೇ ಇತ್ತು. ಹನ್ನೊಂದು ಗಂಟೆಗೆ ಅವರ ಖಾತೆಗೆ ಬಿತ್ತು.

ಬ್ಯಾಂಕ್ ಉತ್ತರವನ್ನೇ ಕೊಡದಿದ್ದರೆ ಅವರ ಮೇಲಿನ ಕಚೇರಿಗೆ ದೂರು ಹಾಕಿ. ಬ್ಯಾಂಕಿಗೆ ದೂರು ಕೊಟ್ಟು 30 ದಿನ ಆದರೂ ಉತ್ತರ ಇಲ್ಲವೆಂದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ `cms.rbi.org.in` ನಲ್ಲಿ ದೂರು ಕೊಡಬಹುದು. ಸೀಲ್ ಹಾಕಿಸಿದ ಪ್ರತಿ ಅಲ್ಲಿ ಬೇಕಾಗುತ್ತದೆ. ನೆಫ್ಟ್ ಹಣ ವಾಪಸ್ ಕೊಡುವುದು ತಡವಾದರೆ ರೆಪೋ ದರದ ಮೇಲೆ ಶೇ. 2 ಸೇರಿಸಿ ಬಡ್ಡಿ ಕೊಡಬೇಕು ಅಂತ ನಿಯಮ ಇದೆ. ಎರಡು ಮೂರು ದಿನಕ್ಕೆ ಅದು ಚಹಾ ಖರ್ಚಿನಷ್ಟೂ ಆಗುವುದಿಲ್ಲ ನಿಜ. ಆದರೂ ಪತ್ರದಲ್ಲಿ ಆ ಸಾಲು ಇದ್ದರೆ ಹಣ ಬೇಗ ಹುಡುಕುತ್ತಾರೆ, ನಾನು ನೋಡಿದ್ದೇನೆ.

## ಹಂತ 5: ಪೋರ್ಟಲ್‌ನಲ್ಲಿ ಪಿಎಂಟಿ-07

ಖಾತೆಯಿಂದ ಹಣ ಹೋಗಿ ಸಿನ್ ಹುಟ್ಟದಿದ್ದರೆ, ಅಥವಾ ಹುಟ್ಟಿಯೂ ಪೋರ್ಟಲ್‌ಗೆ ಬರದಿದ್ದರೆ ಮಾಡಬೇಕಾದ ಅಧಿಕೃತ ದೂರು ಇದು. ನಿಯಮ 87ರ ಉಪನಿಯಮ 8ರಲ್ಲಿ ಇದರ ಬಗ್ಗೆಯೇ ಹೇಳಿದೆ.

```
Services > Payments > Grievance against payment
```

ಇಲ್ಲಿ ಸಿಪಿನ್, ಮೊತ್ತ, ಹಣ ಕಡಿತವಾದ ತಾರೀಕು, ಯುಟಿಆರ್ ಅಥವಾ ಬ್ಯಾಂಕ್ ರೆಫರೆನ್ಸ್ ಸಂಖ್ಯೆ ತುಂಬಿ, ಸ್ಟೇಟ್‌ಮೆಂಟ್‌ನ ಪುಟ ಸೇರಿಸಿ ಕಳಿಸಬೇಕು. ಕೊನೆಗೆ ಬರುವ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ, ಅಧಿಕಾರಿಗೆ ಪತ್ರದಲ್ಲಿ ಅದು ಬೇಕು. ಯುಟಿಆರ್‌ನಲ್ಲಿ ಸೊನ್ನೆ ಜಾಗದಲ್ಲಿ ಓ ಹಾಕಿದರೆ ದೂರು ಅಲ್ಲಿಗೇ ನಿಲ್ಲುತ್ತದೆ. ಸ್ಟೇಟ್‌ಮೆಂಟ್‌ನಿಂದ ಕಾಪಿ ಮಾಡಿ ಹಾಕಿ, ಕೈಯಿಂದ ಹೊಡೆಯಬೇಡಿ.

ನೆಟ್ ಬ್ಯಾಂಕಿಂಗ್ ಆದರೆ 24 ಗಂಟೆ ಕಳೆದ ಮೇಲೆ ಈ ದೂರು ಮೊದಲು, ಬ್ಯಾಂಕ್ ಪತ್ರ ಅದೇ ದಿನ. ಪ್ರೆಸ್ಸಿನವರ ಹಾಗೆ ಸಿಪಿನ್ನೇ ತಪ್ಪಿದ್ದು ಗೊತ್ತಾದರೆ ಪಿಎಂಟಿ-07 ಹಾಕಿ ಉಪಯೋಗ ಇಲ್ಲ. ಹಣ ಸರ್ಕಾರಕ್ಕೆ ಹೋಗಿಯೇ ಇಲ್ಲ. ಬ್ಯಾಂಕ್ ಪತ್ರ ಒಂದೇ ಸಾಕು.

ಬ್ಯಾಂಕ್ ಸಿನ್ ಕಳಿಸದೇ ಇದ್ದರೂ ರಿಸರ್ವ್ ಬ್ಯಾಂಕಿನ ಇ-ಸ್ಕ್ರೋಲ್‌ನಲ್ಲಿ, ಅಂದರೆ ಜಮಾ ಆದ ಹಣದ ಪಟ್ಟಿಯಲ್ಲಿ, ನಿಮ್ಮ ಚಲನ್ ವಿವರ ತಾಳೆಯಾದರೆ ಅದರ ಆಧಾರದ ಮೇಲೆ ಲೆಡ್ಜರ್‌ಗೆ ಜಮಾ ಮಾಡಬಹುದು ಅಂತಲೂ ನಿಯಮದಲ್ಲಿದೆ. ಸಹಾಯವಾಣಿ 1800-103-4786ಕ್ಕೆ ಫೋನ್ ಮಾಡಿದಾಗ "ಇ-ಸ್ಕ್ರೋಲ್ ನೋಡಿ" ಅಂತ ಕೇಳಿ. ದೂರಿನ ಸಂಖ್ಯೆ ಕೈಯಲ್ಲಿಟ್ಟುಕೊಂಡೇ ಫೋನ್ ಮಾಡಿ.

## ಹಂತ 6: ಅಧಿಕಾರಿಗೆ ಪತ್ರ

ಅಧಿಕಾರಿ ನಿಮ್ಮ ಲೆಡ್ಜರ್‌ಗೆ ಹಣ ಹಾಕಲು ಆಗುವುದಿಲ್ಲ. ಅದು ಬ್ಯಾಂಕ್ ಮತ್ತು ಪೋರ್ಟಲ್ ನಡುವಿನ ಕೆಲಸ. ಹಾಗಾದರೆ ಪತ್ರ ಏಕೆ? ರಿಟರ್ನ್ ತಡವಾದರೆ ಜಿಎಸ್‌ಟಿಆರ್-3ಎ ನೋಟಿಸ್ ಬರುತ್ತದೆ, 15 ದಿನದೊಳಗೆ ರಿಟರ್ನ್ ಹಾಕಿ ಅಂತ. ಮುಂದೆ ಬಡ್ಡಿಯ ತಕರಾರು ಬರಬಹುದು. ಆಗ "ನಾವು ಅವತ್ತೇ ತಿಳಿಸಿದ್ದೆವು" ಅನ್ನಲು ಟಪಾಲಿನ ಸೀಲ್ ಇರುವ ಒಂದು ಕಾಗದ ಬೇಕು.

ಯಾವ ಕಚೇರಿ ಅಂತ ಮೊದಲು ನೋಡಿ. ಕೆಲವು ವ್ಯಾಪಾರಸ್ಥರು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯ ಕೆಳಗೆ, ಕೆಲವರು ಕೇಂದ್ರದ ಕೆಳಗೆ ಬರುತ್ತಾರೆ. ಪಕ್ಕದ ಅಂಗಡಿಯವರ ಕಚೇರಿಯೇ ನಿಮ್ಮದು ಅಂದುಕೊಳ್ಳಬೇಡಿ. ಪೋರ್ಟಲ್‌ನ My Profile ನಲ್ಲಿ ನಿಮ್ಮ ವ್ಯಾಪ್ತಿ ಯಾವುದು ಅಂತ ಬರೆದಿರುತ್ತದೆ.

ಬ್ಯಾಂಕಿಗೆ ಬರೆದ ಪತ್ರವನ್ನೇ ತಿದ್ದಿ ಇಲ್ಲಿ ಕೊಡುವವರಿದ್ದಾರೆ, "ನಮ್ಮ ಹಣ ಜಮಾ ಮಾಡಿಕೊಡಿ" ಅಂತ. ಅಂಥ ಪತ್ರಕ್ಕೆ "ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಅಂತ ಹಿಂಬರಹ ಬರುತ್ತದೆ. ಅಧಿಕಾರಿಯ ಕೈಯಲ್ಲಿ ಆಗುವುದನ್ನು ಮಾತ್ರ ಕೇಳಿ. ನೆಟ್ ಬ್ಯಾಂಕಿಂಗ್ ಪ್ರಕರಣಕ್ಕೆ ನಾನು ಬಳಸುವ ಪತ್ರ ಇದು:

> ಇವರಿಗೆ,
> ವಾಣಿಜ್ಯ ತೆರಿಗೆಗಳ ಸಹಾಯಕ ಆಯುಕ್ತರು,
> ಸ್ಥಳೀಯ ಜಿಎಸ್‌ಟಿ ಕಚೇರಿ, ______
>
> ದಿನಾಂಕ: ______
>
> ವಿಷಯ: ತೆರಿಗೆ ಪಾವತಿಸಿದ್ದು ಎಲೆಕ್ಟ್ರಾನಿಕ್ ಕ್ಯಾಶ್ ಲೆಡ್ಜರ್‌ನಲ್ಲಿ ಜಮಾ ಕಾಣದಿರುವ ಬಗ್ಗೆ ಮಾಹಿತಿ
> ಜಿಎಸ್‌ಟಿ ಸಂಖ್ಯೆ: ______ ತೆರಿಗೆ ಅವಧಿ: ______
>
> ಮಾನ್ಯರೇ,
>
> ಮೇಲಿನ ಅವಧಿಯ ತೆರಿಗೆಗಾಗಿ ಸಿಪಿನ್ ಸಂಖ್ಯೆ ______ ರ ಚಲನ್‌ನಲ್ಲಿ ರೂ. ______ ಮೊತ್ತವನ್ನು ದಿನಾಂಕ ______ ರಂದು ಪಾವತಿಸಿದ್ದೇವೆ. ನಮ್ಮ ಬ್ಯಾಂಕ್ ಖಾತೆಯಿಂದ ಹಣ ಕಡಿತವಾಗಿದ್ದರೂ ಈವರೆಗೆ ಲೆಡ್ಜರ್‌ನಲ್ಲಿ ಜಮಾ ಕಾಣಿಸಿಲ್ಲ. ಈ ಕಾರಣದಿಂದ ರಿಟರ್ನ್ ಸಲ್ಲಿಸಲು ಸಾಧ್ಯವಾಗಿಲ್ಲ.
>
> ಈ ಬಗ್ಗೆ ದಿನಾಂಕ ______ ರಂದು ಪೋರ್ಟಲ್‌ನಲ್ಲಿ ಪಿಎಂಟಿ-07 ದೂರು (ಸಂಖ್ಯೆ ______) ಸಲ್ಲಿಸಿದ್ದೇವೆ. ಬ್ಯಾಂಕಿಗೂ ದಿನಾಂಕ ______ ರಂದು ಪತ್ರ ಕೊಟ್ಟಿದ್ದೇವೆ.
>
> ಈ ಮಾಹಿತಿಯನ್ನು ನಮ್ಮ ಕಡತದಲ್ಲಿ ದಾಖಲಿಸಿಕೊಳ್ಳಬೇಕೆಂದೂ, ಹಣ ಸರ್ಕಾರದ ಖಾತೆಗೆ ಜಮಾ ಆದ ದಿನಾಂಕವನ್ನು ಬ್ಯಾಂಕ್ ದೃಢಪಡಿಸಿದ ಮೇಲೆ ಬಡ್ಡಿಯನ್ನು ಅದೇ ದಿನಾಂಕದ ಆಧಾರದ ಮೇಲೆ ಪರಿಗಣಿಸಬೇಕೆಂದೂ, ಅಗತ್ಯವಿದ್ದರೆ ಈ ದೂರನ್ನು ಇಲಾಖೆಯ ತಾಂತ್ರಿಕ ವಿಭಾಗಕ್ಕೆ ಕಳಿಸಬೇಕೆಂದೂ ಕೋರುತ್ತೇವೆ.
>
> ಲಗತ್ತು: ಚಲನ್, ಖಾತೆಯ ಸ್ಟೇಟ್‌ಮೆಂಟ್, ಲೆಡ್ಜರ್‌ನ ಸ್ಕ್ರೀನ್‌ಶಾಟ್, ಪಿಎಂಟಿ-07 ಸ್ವೀಕೃತಿ, ಬ್ಯಾಂಕ್ ಪತ್ರದ ಸೀಲ್ ಇರುವ ಪ್ರತಿ.
>
> ತಮ್ಮ ವಿಶ್ವಾಸಿ,
> ______

ಕ್ರಮ ತಪ್ಪಿಸಬೇಡಿ. ಬ್ಯಾಂಕ್ ಪತ್ರ ಮತ್ತು ಪಿಎಂಟಿ-07 ಆದ ಮೇಲೆಯೇ ಈ ಪತ್ರ. ಅವೆರಡೂ ಇಲ್ಲದೆ ಹೋದರೆ ಕಚೇರಿಯಲ್ಲಿ ಮೊದಲ ಪ್ರಶ್ನೆಯೇ "ಬ್ಯಾಂಕ್ ಏನಂತ್ರಿ?" ಎಂದಾಗಿರುತ್ತದೆ. ಪತ್ರವನ್ನು ಟಪಾಲಿನಲ್ಲಿ ಕೊಟ್ಟು ಸೀಲ್ ಹಾಕಿಸಿಕೊಂಡು ಬನ್ನಿ. ಹಣ ವಾಪಸ್ ಬಂದದ್ದು ಗೊತ್ತಾದ ಮೇಲೆ ಈ ಪತ್ರ ಕೊಡಬೇಡಿ. "ಪಾವತಿಸಿದ್ದೇವೆ" ಅನ್ನುವ ಸಾಲು ಆಗ ಸುಳ್ಳಾಗುತ್ತದೆ. ಪ್ರೆಸ್ಸಿನವರಿಗೆ ನಾನು ಈ ಪತ್ರ ಬರೆಯಲೇ ಇಲ್ಲ.

## ಹಂತ 7: ಕೊನೆಯ ದಿನ ಬಂದಿದೆ, ಎರಡನೇ ಸಲ ಕಟ್ಟಲೋ, ಕಾಯಲೋ?

ಇದನ್ನು ಗಾಬರಿಯಲ್ಲಿ ನಿರ್ಧರಿಸಬೇಡಿ, ಲೆಕ್ಕ ಹಾಕಿ. ತೆರಿಗೆ ಇರುವ 3ಬಿ ರಿಟರ್ನ್ ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ: ಕೇಂದ್ರದ್ದು 25, ರಾಜ್ಯದ್ದು 25. ಬಡ್ಡಿ ವರ್ಷಕ್ಕೆ ಶೇ. 18. ಪ್ರೆಸ್ಸಿನವರ 48,600ಕ್ಕೆ ದಿನಕ್ಕೆ ಸುಮಾರು 24 ರೂಪಾಯಿ. ಎರಡೂ ಸೇರಿ ದಿನಕ್ಕೆ 74.

ಇನ್ನೊಂದು ಕಡೆ, ಎರಡನೇ ಸಲ ಕಟ್ಟಿದರೆ 48,600 ರೂಪಾಯಿ ಮುಂದಿನ ತಿಂಗಳವರೆಗೆ ಸಿಕ್ಕಿಕೊಳ್ಳುತ್ತದೆ. ಮೊದಲಿನ ಹಣವೂ ಬಂದರೆ ಅದು ಲೆಡ್ಜರ್‌ನಲ್ಲೇ ಇರುತ್ತದೆ. ಮುಂದಿನ ತಿಂಗಳ ತೆರಿಗೆಗೆ ಬಳಸಬಹುದು, ಇಲ್ಲವೇ ಆರ್‌ಎಫ್‌ಡಿ-01 ಹಾಕಿ ರಿಫಂಡ್ ಕೇಳಬಹುದು. ಪ್ರೆಸ್ಸಿನವರು ಆ ವಾರ ಕಾಗದದ ಬಿಲ್ ಮತ್ತು ಕೆಲಸಗಾರರ ಪಗಾರ ಕೊಡಬೇಕಿತ್ತು. ಕಾಯಿರಿ ಎಂದೆ.

ಆದರೆ ತೆರಿಗೆಯೇ ನಾಲ್ಕೈದು ಸಾವಿರ ಇದ್ದು ಕೈಯಲ್ಲಿ ಹಣ ಇದ್ದರೆ ನನ್ನ ಸಲಹೆ ಬೇರೆ. ಹೊಸ ಚಲನ್ ಕಟ್ಟಿ ರಿಟರ್ನ್ ಹಾಕಿಬಿಡಿ. ಹಿಂದಿನ ತಿಂಗಳ ರಿಟರ್ನ್ ಕೂಡ ಬಾಕಿ ಇದ್ದರೆ ಅಂತೂ ಕಾಯಲೇಬೇಡಿ. ಎರಡು ಅವಧಿಯ ರಿಟರ್ನ್ ಸತತವಾಗಿ ಬಾಕಿಯಾದರೆ ಇ-ವೇ ಬಿಲ್ ಬಂದ್ ಆಗುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಸ್ಥರಿಗೆ ಸೀಸನ್‌ನಲ್ಲಿ ಲಾರಿ ನಿಂತರೆ ಆಗುವ ನಷ್ಟದ ಮುಂದೆ ಈ ಲೇಟ್ ಫೀ ಏನೂ ಅಲ್ಲ.

ಬಡ್ಡಿಯಲ್ಲಿ ಒಂದು ಅನುಕೂಲವೂ ಇದೆ. 2024ರಲ್ಲಿ ನಿಯಮ 88ಬಿಗೆ ಸೇರಿಸಿದ ಪ್ರಕಾರ, ಕೊನೆಯ ದಿನದೊಳಗೆ ಕ್ಯಾಶ್ ಲೆಡ್ಜರ್‌ಗೆ ಜಮಾ ಆಗಿ, ರಿಟರ್ನ್ ಹಾಕುವವರೆಗೆ ಅಲ್ಲೇ ಇದ್ದ ಹಣಕ್ಕೆ ಬಡ್ಡಿ ಇಲ್ಲ. ಲೇಟ್ ಫೀಗೆ ಈ ರಿಯಾಯಿತಿ ಇಲ್ಲ. ಹಾಗಾಗಿ ನೆಟ್ ಬ್ಯಾಂಕಿಂಗ್‌ನಲ್ಲಿ 19ಕ್ಕೆ ಕಟ್ಟಿ, ಪೋರ್ಟಲ್‌ನಲ್ಲಿ 23ಕ್ಕೆ ಕಂಡು, ಜಮಾ ತಾರೀಕು ಮಾತ್ರ 19 ಅಂತಲೇ ಬಂದವರು ಬಡ್ಡಿ ಕಾಲಂ ನೋಡದೆ ಒಪ್ಪಿಕೊಳ್ಳಬೇಡಿ. ಲೆಡ್ಜರ್‌ನ ತಾರೀಕು ನೋಡಿ, ಬ್ಯಾಂಕಿನ ಪತ್ರ ಎದುರಿಗಿಟ್ಟುಕೊಳ್ಳಿ, ಆಮೇಲೆ ಕಟ್ಟುವುದೋ ಬಿಡುವುದೋ ನೋಡಿ.

ಪ್ರೆಸ್ಸಿನವರಿಗೆ ಈ ರಿಯಾಯಿತಿ ಸಿಗಲಿಲ್ಲ, ಅವರ ಹಣ 20ರೊಳಗೆ ಸರ್ಕಾರಕ್ಕೆ ಹೋಗಿರಲೇ ಇಲ್ಲ. 22ಕ್ಕೆ ಹಣ ಖಾತೆಗೆ ಬಂದ ಮೇಲೆ ಹೊಸ ಚಲನ್ ಮಾಡಲಿಲ್ಲ. ಹಳೆಯ ಸಿಪಿನ್‌ಗೆ ಹಣ ಬಿದ್ದೇ ಇಲ್ಲ, 15 ದಿನವೂ ಮುಗಿದಿರಲಿಲ್ಲ. ಅದೇ ಮ್ಯಾಂಡೇಟ್ ಫಾರ್ಮ್ ಮತ್ತೆ ಪ್ರಿಂಟ್ ತೆಗೆದು, ಈ ಸಲ ಬ್ಯಾಂಕಿನ ಚೀಟಿಗೆ ಅದನ್ನೇ ಪಿನ್ ಮಾಡಿ ಕೊಟ್ಟರು. ಕ್ಲರ್ಕ್ ಟೈಪ್ ಮಾಡಿದ ಮೇಲೆ ಸ್ಕ್ರೀನ್ ತಿರುಗಿಸಿ 14 ಅಂಕಿ ಓದಿಸಿಕೊಂಡರು. ಒಂದು ಗಂಟೆಯೊಳಗೆ ಲೆಡ್ಜರ್‌ನಲ್ಲಿ ಜಮಾ ಬಂತು, ಸಂಜೆ ರಿಟರ್ನ್ ಹೋಯಿತು. ಎರಡು ದಿನಕ್ಕೆ ಲೇಟ್ ಫೀ 100, ಬಡ್ಡಿ 48, ಒಟ್ಟು 148 ರೂಪಾಯಿ. ಅದನ್ನು ಅವತ್ತೇ ಕೇಳಲಿಲ್ಲ, ಮುಂದಿನ ತಿಂಗಳ 3ಬಿಯಲ್ಲಿ ಸೇರಿಸಿಕೊಂಡು ಬಂತು. ಆಗ ಅವರು ಮತ್ತೆ ಫೋನ್ ಮಾಡಿದರು: "ಸರ್, ಇದೇನ್ರಿ, 148 ಜಾಸ್ತಿ ತೋರಿಸ್ಲಿಕತ್ತೇತಿ?"